ಒಂದೇ ಶರ್ಟು, 66 ಕೋಡು: ಯೂನಿಫಾರ್ಮ್ ಅಂಗಡಿಗೆ ಯಾವ ಎಸ್‌ಕೆಯು ಪದ್ಧತಿ ಹೊಂದುತ್ತದೆ?

ಸೋಲಾಪುರದಲ್ಲಿ ಶಾಲಾ ಯೂನಿಫಾರ್ಮ್ ಹೊಲಿಸಿ ಮಾರುವವರ ಲೆಕ್ಕವೇ ಬೇರೆ. ಇಲ್ಲಿ ಡಿಸೈನ್ ಕಡಿಮೆ, ಸೈಜು ಜಾಸ್ತಿ. ಹಾಫ್ ತೋಳಿನ ಒಂದು ಸಾದಾ ಶರ್ಟು ತಗೊಳ್ಳಿ. 22ರಿಂದ 42ರವರೆಗೆ ಎರಡೆರಡು ಏರಿದರೆ 11 ಸೈಜು. ಬಿಳಿ, ಆಕಾಶ ನೀಲಿ, ನೇವಿ ಬ್ಲೂ, ಬಾಟಲ್ ಗ್ರೀನ್, ಮರೂನ್, ಗ್ರೇ ಎಂದು ಆರು ಬಣ್ಣ. ಒಂದೇ ಶರ್ಟಿಗೆ 66 ಕೋಡು ಬೇಕು. ಇದಕ್ಕೆ ಫುಲ್ ತೋಳು, ಹಾಫ್ ಪ್ಯಾಂಟು, ಫುಲ್ ಪ್ಯಾಂಟು, ಸ್ಕರ್ಟು, ಪಿನಾಫೋರ್, ಟ್ರ್ಯಾಕ್‌ಸೂಟ್ ಸೇರಿಸಿದರೆ ಚಿಕ್ಕ ಅಂಗಡಿಯಲ್ಲೂ ಕೋಡುಗಳು ಸಾವಿರದ ಹತ್ತಿರ ಹೋಗುತ್ತವೆ.

ಗಡಿಯಲ್ಲಿರುವುದರಿಂದ ನಮ್ಮ ಸೀಸನ್ನೂ ಎರಡು ಕಂತಿನಲ್ಲಿ ಬರುತ್ತದೆ. ವಿಜಯಪುರ, ಇಂಡಿ, ಆಳಂದ, ಕಲಬುರಗಿ ಕಡೆಯವರಿಗೆ ಮೇ ಮುಗಿಯುವುದರೊಳಗೆ ಮಾಲು ಬೇಕು. ಮಹಾರಾಷ್ಟ್ರದ ಶಾಲೆಗಳು ಜೂನ್ ನಡುವಿಗೆ ಶುರುವಾಗುತ್ತವೆ. ಈ ಗಡಿಬಿಡಿಯಲ್ಲಿ ಫೋನ್ ಬರುತ್ತದೆ: "ಅಣ್ಣಾರ, ಬಿಳಿ ಹಾಫ್ ಶರ್ಟು ಇಪ್ಪತ್ತೆಂಟು, ಹತ್ತು ನಗ ಕಳಸ್ರಿ." ಬಿಲ್ ಮಾಡುವವರಿಗೆ, ಅಟ್ಟ ಹತ್ತಿ ಮಾಲು ತೆಗೆಯುವ ಹುಡುಗನಿಗೆ, ಆನ್‌ಲೈನ್ ಆರ್ಡರ್ ನೋಡುವವರಿಗೆ, ಮೂವರಿಗೂ ಒಂದೇ ಕೋಡು ಒಂದೇ ವಸ್ತುವನ್ನು ತೋರಿಸಬೇಕು. ಎಸ್‌ಕೆಯು, ಅಂದರೆ ಪ್ರತಿ ವಸ್ತುವಿಗೂ ಅಂಗಡಿಯೇ ಕೊಡುವ ಕೋಡು, ಇರುವುದು ಅದಕ್ಕೇ.

ಕೋಡು ಕೊಡಲು ಮೂರು ದಾರಿಗಳಿವೆ. ಬರೀ ಸರಣಿ ಸಂಖ್ಯೆ ಕೊಡುವುದು ಒಂದು. ವಸ್ತುವಿನ ಎಲ್ಲ ವಿವರವನ್ನೂ ಕೋಡಿನೊಳಗೇ ತುಂಬುವುದು ಇನ್ನೊಂದು. ಡಿಸೈನಿಗೆ ಸರಣಿ ಸಂಖ್ಯೆ ಕೊಟ್ಟು, ಬಣ್ಣ ಮತ್ತು ಸೈಜನ್ನು ಮಾತ್ರ ಓದುವ ಹಾಗೆ ಬರೆಯುವುದು ಮೂರನೆಯದು. ಸೈಜು, ಬಣ್ಣ ಜಾಸ್ತಿ ಇರುವ ವ್ಯಾಪಾರಕ್ಕೆ ನಾನು ಮೂರನೆಯದನ್ನೇ ಹೇಳುತ್ತೇನೆ. ಆದರೆ ಮೊದಲ ಎರಡು ಎಲ್ಲಿ ಗಟ್ಟಿ, ಎಲ್ಲಿ ಸೋಲುತ್ತವೆ ಎಂದು ನೋಡದೆ ಆಯ್ಕೆ ಮಾಡಬಾರದು.

ಬರೀ ಸರಣಿ ಸಂಖ್ಯೆ

```
100347
100348
100349
```

ಹೊಸ ವಸ್ತು ಬಂದಾಗ ಮುಂದಿನ ಸಂಖ್ಯೆ ಕೊಡುವುದು, ಅಷ್ಟೇ. ಇದರ ದೊಡ್ಡ ಗುಣ ಏನೆಂದರೆ, ಈ ಕೋಡು ಎಂದೂ ಸುಳ್ಳಾಗುವುದಿಲ್ಲ. ಅದು ಏನನ್ನೂ ಹೇಳುವುದೇ ಇಲ್ಲವಲ್ಲ! ಬಟ್ಟೆ ಬದಲಾಗಲಿ, ಹೊಲಿಯುವವರು ಬದಲಾಗಲಿ, ನಂಬರ್ ಹಾಗೇ ನಿಲ್ಲುತ್ತದೆ. ಮಾಲು ಒಳಗೆ ಬರುವಾಗ, ಅಟ್ಟದಿಂದ ಇಳಿಯುವಾಗ, ಬಿಲ್ ಆಗುವಾಗ, ಪ್ರತಿ ಹಂತದಲ್ಲೂ ಸ್ಕ್ಯಾನರ್ ಇರುವ ದೊಡ್ಡ ಗೋದಾಮಿಗೆ ಇದು ಒಳ್ಳೆಯ ಪದ್ಧತಿ.

ನಮ್ಮ ಅಂಗಡಿಗಳಲ್ಲಿ ಹಾಗಿರುವುದಿಲ್ಲ. ಅರ್ಧ ಕೆಲಸ ಕಣ್ಣಿಂದ, ಬಾಯಿಂದ, ಕೈಯಿಂದ ಟೈಪ್ ಮಾಡಿಯೇ ಆಗುತ್ತದೆ. 100347 ಬರೆಯುವಲ್ಲಿ 100374 ಬರೆದರೆ ಏನಾಗುತ್ತದೆ? ಆ ನಂಬರೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಬಿಳಿ ಶರ್ಟು ಹೊರಗೆ ಹೋಗಿರುತ್ತದೆ, ಸ್ಟಾಕಿನಲ್ಲಿ ಬಾಟಲ್ ಗ್ರೀನ್ ಪ್ಯಾಂಟು ಕಡಿಮೆಯಾಗಿರುತ್ತದೆ. ಇದನ್ನು ಪತ್ತೆ ಮಾಡುವುದೂ ಕಷ್ಟ. ಸ್ಟಾಕ್ ಎಣಿಸುವಾಗ ಒಂದು ಕಡೆ ಎರಡು ನಗ ಜಾಸ್ತಿ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಡೆ ಎರಡು ಕಡಿಮೆ ಕಂಡರೆ ಇಂಥ ತಪ್ಪೇ ನಡೆದಿರುತ್ತದೆ. ಎರಡನ್ನೂ ಹೊಂದಿಸಲು ಯಾವ ಸುಳಿವೂ ಸಿಗುವುದಿಲ್ಲ.

ಎಲ್ಲ ವಿವರವೂ ಕೋಡಿನಲ್ಲಿ

```
SH-HS-PC-NVY-B-28-R24-S1
```

ಶರ್ಟು, ಹಾಫ್ ತೋಳು, ಪಾಲಿಯೆಸ್ಟರ್ ಕಾಟನ್, ನೇವಿ, ಹುಡುಗರದು, 28, ಅಟ್ಟದ 24ನೇ ಖಾನೆ, ಒಂದನೇ ಹೊಲಿಗೆಯವರು. ಓದಿದರೆ ಎಲ್ಲ ತಿಳಿಯುತ್ತದೆ. ಹೊಸದಾಗಿ ಕೋಡು ಮಾಡಲು ಕೂತವರಿಗೆ ಇದೇ ಹೆಚ್ಚು ಇಷ್ಟವಾಗುವುದು.

ಮೊದಲ ತೊಂದರೆ ಲೇಬಲ್ಲಿನಲ್ಲೇ ಕಾಣುತ್ತದೆ. ಇದರಲ್ಲಿ 24 ಅಕ್ಷರಗಳಿವೆ. ಸಾಮಾನ್ಯ 203 ಡಿಪಿಐ ಲೇಬಲ್ ಪ್ರಿಂಟರಿನಲ್ಲಿ ಕೋಡ್ 128 ಬಾರ್‌ಕೋಡ್ ಹಾಕಿ, ಅತಿ ಸಣ್ಣ ಗೆರೆಗೆ ಎರಡು ಚುಕ್ಕೆ ಅಗಲ ಇಟ್ಟರೆ ಬಾರ್‌ಕೋಡ್ ಸುಮಾರು 75 ಮಿಲಿಮೀಟರ್ ಉದ್ದವಾಗುತ್ತದೆ. ಬಟ್ಟೆಗೆ ಹಚ್ಚುವ ಲೇಬಲ್ ಬಹಳ ಕಡೆ 50 ಮಿಲಿಮೀಟರ್ ಅಗಲದ್ದು. ಗೆರೆಯನ್ನು ಒಂದು ಚುಕ್ಕೆಗೆ ಇಳಿಸಿದರೆ ಹಿಡಿಸುತ್ತದೆ, ಆದರೆ ಅಗ್ಗದ ಸ್ಕ್ಯಾನರ್ ಓದಲು ಒದ್ದಾಡುತ್ತದೆ. 11 ಅಕ್ಷರದ ಕೋಡಾದರೆ ಎರಡು ಚುಕ್ಕೆ ಗೆರೆಯಲ್ಲೇ ಸುಮಾರು 40 ಮಿಲಿಮೀಟರಿಗೆ ಮುಗಿಯುತ್ತದೆ, ಎರಡೂ ಬದಿಗೆ ಬೇಕಾದ ಖಾಲಿ ಜಾಗವೂ ಉಳಿಯುತ್ತದೆ.

ಎರಡನೆಯ ತೊಂದರೆ ದೊಡ್ಡದು. ಈ ಕೋಡಿನಲ್ಲಿ ಬದಲಾಗುವ ಸಂಗತಿಗಳು ಕೂತಿವೆ. ಖಾನೆ ಪ್ರತಿ ಸೀಸನ್ನಿಗೂ ಬದಲಾಗುತ್ತದೆ. ಹೊಲಿಗೆಯವರು ಬದಲಾಗುತ್ತಾರೆ. ಕೆಲವರು ಬೆಲೆ, ತೆರಿಗೆ ದರವನ್ನೂ ಸೇರಿಸುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ರೆಡಿಮೇಡ್ ಬಟ್ಟೆಗೆ 5 ಶೇಕಡಾ ಜಿಎಸ್‌ಟಿಯ ಬೆಲೆಮಿತಿ ನಗಕ್ಕೆ 1000ದಿಂದ 2500 ರೂಪಾಯಿಗೆ ಏರಿತು. ತೆರಿಗೆಯ ಗುರುತನ್ನು ಕೋಡಿನಲ್ಲಿಟ್ಟಿದ್ದರೆ ಅಂದು ನಡುವಿನ ಬೆಲೆಯ ಮಾಲಿನ ಕೋಡುಗಳೆಲ್ಲ ತಪ್ಪು ಹೇಳತೊಡಗುತ್ತಿದ್ದವು. ಆಗ ಇರುವುದು ಎರಡೇ ದಾರಿ. ಕೋಡು ಬದಲಿಸಿದರೆ ಹಿಂದಿನ ವರ್ಷದ ಮಾರಾಟದ ಲೆಕ್ಕ ಕಡಿದು ಹೋಗುತ್ತದೆ. ಬದಲಿಸದಿದ್ದರೆ ಕೋಡಿನಲ್ಲಿ ಬರೆದದ್ದನ್ನು ಯಾರೂ ನಂಬುವ ಹಾಗಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಸ್ಟಾಕ್ ಒಡೆಯುವುದು. ಒಂದೇ ಶರ್ಟನ್ನು ಇಬ್ಬರು ಹೊಲಿದರೆ S1, S2 ಎಂದು ಎರಡು ಕೋಡು. ಆನ್‌ಲೈನಿನಲ್ಲಿ ಹಾಕಿದ್ದು S1. ಅದು ಖಾಲಿಯಾದ ಕೂಡಲೇ ಸೈಜು ಇಲ್ಲ ಎಂದು ತೋರಿಸುತ್ತದೆ, ಅಟ್ಟದ ಮೇಲೆ S2ರಲ್ಲಿ ನಲವತ್ತು ನಗ ಬಿದ್ದಿರುತ್ತವೆ.

ಶಾಲೆಯ ಹೆಸರು ಕೋಡಿನಲ್ಲಿ ಬೇಕೇ?

ಯೂನಿಫಾರ್ಮ್ ವ್ಯಾಪಾರದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಗಿರಾಕಿ ಬಂದು ಶಾಲೆಯ ಹೆಸರೇ ಹೇಳುತ್ತಾರೆ, ಅದಕ್ಕೆ ಶಾಲೆಯನ್ನೇ ಕೋಡಿನ ಮೊದಲಿಗೆ ಇಡಬೇಕು ಎನಿಸುತ್ತದೆ. ಇದನ್ನು ಅಂಕಿ ಇಟ್ಟು ನೋಡೋಣ.

ಮೂರು ಶಾಲೆಗಳಿಗೂ ಒಂದೇ ಸಾದಾ ಬಿಳಿ ಹಾಫ್ ಶರ್ಟು. 28 ಸೈಜಿನಲ್ಲಿ ಶಾಲೆಗೆ 20ರಂತೆ 60 ನಗ ಹೊಲಿಸಿದ್ದೀರಿ. ಸೀಸನ್ನಿನಲ್ಲಿ ಮೊದಲ ಶಾಲೆಯಿಂದ 31, ಎರಡನೆಯದರಿಂದ 9, ಮೂರನೆಯದರಿಂದ 12 ಬೇಡಿಕೆ ಬಂತು. ಒಟ್ಟು 52. ಒಂದೇ ಕೋಡಿದ್ದರೆ ಎಲ್ಲರಿಗೂ ಕೊಟ್ಟು 8 ನಗ ಉಳಿಯುತ್ತದೆ. ಶಾಲೆಗೊಂದು ಕೋಡಿದ್ದರೆ? ಮೊದಲ ಶಾಲೆಗೆ 11 ಕಡಿಮೆ ಎಂದು ತೋರಿಸುತ್ತದೆ, ನೀವು ಅವಸರದಲ್ಲಿ 11 ಹೊಲಿಸುತ್ತೀರಿ. ಅತ್ತ ಉಳಿದೆರಡು ಶಾಲೆಗಳ ಹೆಸರಿನಲ್ಲಿ 19 ನಗ ಹಾಗೇ ಕೂತಿರುತ್ತದೆ. ಒಂದೇ ಸೈಜಿನಲ್ಲಿ ಹೀಗೆ. ಇದು 11 ಸೈಜಿಗೂ ಆಗುತ್ತದೆ.

ಎರಡು ಮಾಲಿಗೆ ಒಂದೇ ಕೋಡೋ, ಬೇರೆ ಬೇರೆಯೋ ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಗಿರಾಕಿಯನ್ನು ಕೇಳದೆ ಇದರ ಬದಲು ಅದನ್ನು ಕೊಡಬಹುದೇ? ಕೊಡಬಹುದಾದರೆ ಒಂದೇ ಎಸ್‌ಕೆಯು. ಕೊಡಲಾಗದಿದ್ದರೆ ಬೇರೆ. ಜೇಬಿನ ಮೇಲೆ ಶಾಲೆಯ ಲೋಗೋ ಕಸೂತಿ ಮಾಡಿದ ಶರ್ಟನ್ನು ಬೇರೆ ಶಾಲೆಗೆ ಕೊಡಲಾಗದು. ಅದು ಬೇರೆ ವಸ್ತು, ಅದಕ್ಕೆ ಬೇರೆ ಡಿಸೈನ್ ನಂಬರ್. ಸಾದಾ ಶರ್ಟಿಗೆ ಶಾಲೆಯ ಹೆಸರು ಬೇಡ. ಯಾವ ಶಾಲೆಗೆ ಯಾವ ಡಿಸೈನು, ಯಾವ ಬಣ್ಣ ಎಂದು ಪ್ರತ್ಯೇಕ ಪಟ್ಟಿ ಇಟ್ಟುಕೊಂಡರೆ ಕೌಂಟರಿನಲ್ಲಿ ಕೆಲಸ ನಡೆಯುತ್ತದೆ.

ಡಿಸೈನ್ ನಂಬರ್, ಬಣ್ಣ, ಸೈಜು

```
1014-NVB-28
```

ಈಗ ಮೂರನೆಯ ದಾರಿ. ನಾಲ್ಕಂಕಿಯ ಡಿಸೈನ್ ನಂಬರಿಗೆ ಅರ್ಥವಿಲ್ಲ, ಅದು ಸರಣಿ. ಬಣ್ಣಕ್ಕೆ ಮೂರು ಅಕ್ಷರ, ಸೈಜಿಗೆ ಎರಡು ಅಂಕಿ. ಉಳಿದ ವಿವರವೆಲ್ಲ ಡಿಸೈನ್ ಪಟ್ಟಿಯಲ್ಲಿ ಒಂದೊಂದು ಕಾಲಮ್ಮಿನಲ್ಲಿ ಇರುತ್ತದೆ:

```
1014 | ಶರ್ಟು, ಹಾಫ್ ತೋಳು | ಪಾಲಿ ಕಾಟನ್ | ಸೈಜು = ಎದೆ
1015 | ಶರ್ಟು, ಫುಲ್ ತೋಳು | ಪಾಲಿ ಕಾಟನ್ | ಸೈಜು = ಎದೆ
1016 | ಪಿನಾಫೋರ್        | ಪಾಲಿ ವಿಸ್ಕೋಸ್ | ಸೈಜು = ಉದ್ದ
```

ಖಾನೆ, ಬೆಲೆ, ತೆರಿಗೆ, ಹೊಲಿದವರು ಏನೇ ಬದಲಾದರೂ ಪಟ್ಟಿಯಲ್ಲಿ ಒಂದು ಮನೆ ತಿದ್ದಿದರೆ ಮುಗಿಯಿತು. ಟೈಪ್ ಮಾಡುವಾಗಿನ ತಪ್ಪೂ ಬೇಗ ಸಿಗುತ್ತದೆ. 1014 ಬದಲು 1041 ಎಂದು ಬಿದ್ದರೆ, ಆ ಡಿಸೈನಿನಲ್ಲಿ ನೇವಿ 28 ಇಲ್ಲದಿದ್ದರೆ ಸಾಫ್ಟ್‌ವೇರ್ ಅಲ್ಲೇ ನಿಲ್ಲಿಸುತ್ತದೆ. ಎಲ್ಲ ತಪ್ಪೂ ಹೀಗೆ ಸಿಗುವುದಿಲ್ಲ, ಆದರೆ ಬರೀ ಸರಣಿಗಿಂತ ಎಷ್ಟೋ ವಾಸಿ. ಹುಡುಗನೂ ಕೋಡು ನೋಡಿ ಕೈಯಲ್ಲಿರುವ ಶರ್ಟಿನ ಬಣ್ಣ, ಕಾಲರ್ ಮೇಲಿನ ಸೈಜು ತಾಳೆ ಹಾಕಬಹುದು.

ಸಂಖ್ಯೆಯನ್ನು 1001ರಿಂದ ಶುರು ಮಾಡಿ. 0001 ಎಂದು ಶುರು ಮಾಡಿದರೆ, ಡಿಸೈನ್ ನಂಬರ್ ಒಂಟಿಯಾಗಿ ನಿಲ್ಲುವ ಕಾಲಮ್ಮಿನಲ್ಲಿ ಎಕ್ಸೆಲ್ ಮುಂದಿನ ಸೊನ್ನೆಗಳನ್ನೆಲ್ಲ ನುಂಗಿ 1 ಎಂದು ಮಾಡುತ್ತದೆ.

ಬಣ್ಣ ಮೊದಲು, ಸೈಜು ಆಮೇಲೆ ಯಾಕೆ? ಪಟ್ಟಿಯನ್ನು ಕೋಡಿನ ಪ್ರಕಾರ ಸಾಲಾಗಿ ಇಟ್ಟಾಗ ನೇವಿಯ 22, 24, 26 ಒಟ್ಟಿಗೆ ಬರುತ್ತವೆ. ಅಟ್ಟದ ಮೇಲೂ ಹಾಗೇ ಅಲ್ವಾ ಜೋಡಿಸುವುದು, ಬಣ್ಣದ ಗಂಟು, ಅದರೊಳಗೆ ಸೈಜು. ಪಟ್ಟಿ ಹಿಡಿದು ಎಣಿಸುವವರು ಹಿಂದೆ ಮುಂದೆ ಓಡಾಡಬೇಕಿಲ್ಲ.

ಬಣ್ಣದ ಅಕ್ಷರಗಳು

ಬಣ್ಣಗಳಿಗೆ ಒಂದೇ ಪಟ್ಟಿ ಇರಬೇಕು, ಹೊಸ ಬಣ್ಣ ಸೇರಿಸುವ ಅಧಿಕಾರ ಒಬ್ಬರಿಗೇ ಇರಬೇಕು. ಇಲ್ಲದಿದ್ದರೆ ಒಬ್ಬರು NVY ಎನ್ನುತ್ತಾರೆ, ಇನ್ನೊಬ್ಬರು NAV ಎನ್ನುತ್ತಾರೆ, ಒಂದೇ ಶರ್ಟು ಎರಡು ಕಡೆ ಕೂರುತ್ತದೆ. O ಮತ್ತು I ಅಕ್ಷರಗಳನ್ನು ಬಿಟ್ಟುಬಿಡಿ, ಸೊನ್ನೆ ಮತ್ತು ಒಂದರ ಜೊತೆ ಕಲಸಿಹೋಗುತ್ತವೆ. ನನ್ನ ಪಟ್ಟಿ ಹೀಗೆ:

```
WHT ಬಿಳಿ        SKY ಆಕಾಶ ನೀಲಿ
NVB ನೇವಿ ಬ್ಲೂ     BGN ಬಾಟಲ್ ಗ್ರೀನ್
MRN ಮರೂನ್      GRY ಗ್ರೇ
```

ಮರೂನಿಗೆ MAR ಎಂದು ಇಡಬೇಡಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾರೋ ಎರಡಂಕಿಯ ಡಿಸೈನ್ ನಂಬರ್ ಇಟ್ಟಿದ್ದಾರೆ, ಡಿಸೈನ್ 12, ಮರೂನ್, 24 ಸೈಜು ಎಂದುಕೊಳ್ಳಿ. ಕೋಡು 12-MAR-24. ಸಾಫ್ಟ್‌ವೇರಿನಿಂದ ಸ್ಟಾಕಿನ ಸಿಎಸ್‌ವಿ ಫೈಲ್ ಇಳಿಸಿ ಎಕ್ಸೆಲ್ಲಿನಲ್ಲಿ ತೆರೆದ ಕೂಡಲೇ ಅದು 2024ರ ಮಾರ್ಚ್ 12 ಆಗುತ್ತದೆ. ಒಳಗೆ ಅದು ಉಳಿಯುವುದು 45363 ಎಂಬ ಸಂಖ್ಯೆಯಾಗಿ. ಬೆಲೆ ತಿದ್ದಿ ಸೇವ್ ಮಾಡಿ ಮತ್ತೆ ಏರಿಸಿದರೆ ಆ ಸಾಲಿನ ಕೋಡು ಹಳೆಯದಕ್ಕೆ ಹೊಂದುವುದಿಲ್ಲ. ಉಳಿದ ಬಣ್ಣಗಳೆಲ್ಲ ಸರಿ ಇರುತ್ತವೆ, ಮರೂನಿನ ಬೆಲೆ ಮಾತ್ರ ಹಳೆಯದೇ ಉಳಿಯುತ್ತದೆ, ಇಲ್ಲವೇ ಹೊಸ ವಸ್ತು ಎಂದು ಇನ್ನೊಂದು ಸಾಲು ಹುಟ್ಟುತ್ತದೆ. ಒಂದೇ ಬಣ್ಣದಲ್ಲಿ ತೊಂದರೆ ಕಂಡರೆ ಮೊದಲು ಇದನ್ನೇ ನೋಡಿ. ಯಾವ ಬಣ್ಣಕ್ಕೂ ಇಂಗ್ಲಿಷ್ ತಿಂಗಳ ಮೂರಕ್ಷರ ಕೊಡದಿದ್ದರೆ ಈ ಕಾಟವೇ ಇಲ್ಲ. ಸಿಎಸ್‌ವಿಯನ್ನು ನೇರ ತೆರೆಯದೆ, ಕೋಡಿನ ಕಾಲಮ್ಮನ್ನು ಟೆಕ್ಸ್ಟ್ ಎಂದು ಆರಿಸಿ ಇಂಪೋರ್ಟ್ ಮಾಡುವ ಅಭ್ಯಾಸವೂ ಒಳ್ಳೆಯದು.

ಚೆಕ್ಸ್ ಬಟ್ಟೆಗೆ, ಎರಡು ಬಣ್ಣದ ಟ್ರ್ಯಾಕ್‌ಸೂಟಿಗೆ ಏನು ಮಾಡುವುದು? ನೇವಿಯ ಮೇಲೆ ಬಿಳಿ ಪಟ್ಟಿ ಎಂದು ಎರಡು ಬಣ್ಣದ ಜಾಗ ಮಾಡಿಕೊಂಡರೆ ಉಳಿದೆಲ್ಲ ಕೋಡುಗಳ ಅಳತೆ ಕೆಡುತ್ತದೆ. ಜೋಡಿ ಬಣ್ಣವನ್ನು ಒಂದೇ ಬಣ್ಣ ಎಂದು ಎಣಿಸಿ C01, C02 ಎಂದು ಕೊಡಿ. ಯಾವುದು ಏನು ಎಂಬುದಕ್ಕೆ ಬಣ್ಣದ ಪಟ್ಟಿಯಲ್ಲಿ ಬಟ್ಟೆಯ ತುಂಡೊಂದನ್ನು ಅಂಟಿಸಿಡಿ.

ಶೇಡಿನ ವಿಷಯ ಇನ್ನೂ ಕಠಿಣ. ಎರಡು ಗಿರಣಿಗಳ ಬಾಟಲ್ ಗ್ರೀನ್ ಒಂದೇ ಆಗಿರುವುದಿಲ್ಲ. ಒಂದೇ ಗಿರಣಿಯ ಎರಡು ಲಾಟ್ ಕೂಡ ಸ್ವಲ್ಪ ಆಚೀಚೆ ಆಗುತ್ತವೆ. ಇಲ್ಲೂ ಅದೇ ಪ್ರಶ್ನೆ ಕೇಳಿ. ಬಿಸಿಲಿಗೆ ಹಿಡಿದು ನೋಡಿದರೆ ಬಿಡಿ ಪ್ಯಾಂಟಿಗೆ ಎರಡೂ ನಡೆಯುತ್ತದೆ ಎನಿಸಿದರೆ ಒಂದೇ ಬಣ್ಣದ ಕೋಡು ಸಾಕು, ಲಾಟ್ ನಂಬರನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಮೇಲಂಗಿ, ಪ್ಯಾಂಟು ಎರಡೂ ಒಂದೇ ಬಣ್ಣದ ಸೆಟ್ಟಾದರೆ ಒಂದು ಆರ್ಡರಿಗೆ ಒಂದೇ ಲಾಟಿನಿಂದ ಕೊಡಿ. ಪಾಲಕರು ವಾಪಸ್ ತರುವಷ್ಟು ಬೇರೆ ಕಂಡರೆ ಮಾತ್ರ ಹೊಸ ಬಣ್ಣದ ಕೋಡು.

ಸೈಜಿನ ಜಾಗ

28 ಎಂದರೆ ಎಲ್ಲ ಕಡೆ ಒಂದೇ ಅರ್ಥವಲ್ಲ. ಶರ್ಟಿನಲ್ಲಿ ಎದೆಯ ಲೆಕ್ಕ, ಪಿನಾಫೋರಿನಲ್ಲಿ ಉದ್ದ, ಪ್ಯಾಂಟಿನಲ್ಲಿ ಕೆಲವರಿಗೆ ಸೊಂಟ, ಕೆಲವರಿಗೆ ಉದ್ದ. ಇದನ್ನೆಲ್ಲ ಒಂದೇ ಅಳತೆಗೆ ತರಲು ಹೋಗಬೇಡಿ. ಲೇಬಲ್ ಮೇಲೆ ಏನಿದೆಯೋ ಅದೇ ಕೋಡಿನಲ್ಲಿ ಬರಲಿ. ಅದರ ಅರ್ಥ ಡಿಸೈನ್ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಇರುತ್ತದೆ. ಸೊಂಟ ಮತ್ತು ಉದ್ದ ಎರಡೂ ಬೇಕಾದ ಪ್ಯಾಂಟಿಗೆ ನಾಲ್ಕಂಕಿ ಬರೆಯಿರಿ, 3040 ಎಂದರೆ ಸೊಂಟ 30, ಉದ್ದ 40. ಒಂದಂಕಿಯ ಸೈಜು ಬಂದರೆ 09 ಎಂದು ತುಂಬಿಸಿ. ಇಲ್ಲಿ ಸೊನ್ನೆ ಕೋಡಿನ ನಡುವೆ ಇರುವುದರಿಂದ ಎಕ್ಸೆಲ್ ಅದನ್ನು ಮುಟ್ಟುವುದಿಲ್ಲ.

ಟ್ರ್ಯಾಕ್‌ಸೂಟಿನ S, M, L ಸೈಜುಗಳನ್ನು ಅಂಕಿಗೆ ಬದಲಿಸಬೇಕು ಎಂದು ಕೆಲವರು ಹೇಳುತ್ತಾರೆ. ಅಕ್ಷರದ ಪ್ರಕಾರ ಜೋಡಿಸಿದರೆ L, M, S, XL ಎಂದು ಬರುತ್ತದೆ ಎಂಬುದು ಅವರ ದೂರು. ದೂರು ನಿಜ, ಮದ್ದು ಸರಿಯಲ್ಲ. ಪ್ಯಾಕ್ ಮಾಡುವವನು ಲೇಬಲ್ಲಿನಲ್ಲಿ M ನೋಡಿ, ಬಿಲ್ಲಿನಲ್ಲಿ 38 ನೋಡಿ ಗೊಂದಲ ಮಾಡಿಕೊಳ್ಳುತ್ತಾನೆ. ಅಕ್ಷರವನ್ನೇ ಉಳಿಸಿ, ಸಾಲು ಜೋಡಿಸಲು 1, 2, 3 ಎಂದು ಒಂದು ಪ್ರತ್ಯೇಕ ಕಾಲಮ್ ಇಟ್ಟರೆ ಸಾಕು. 2XL ಮತ್ತು XXL ಎರಡರಲ್ಲಿ ಒಂದನ್ನೇ ಹಿಡಿದುಕೊಳ್ಳಿ.

ಇಎಎನ್ ಇದ್ದರೆ ಇದು ಬೇಕೇ?

ಬೇಕು. ಜಿಎಸ್1 ಇಂಡಿಯಾದಿಂದ ಬರುವ, 890ರಿಂದ ಶುರುವಾಗುವ 13 ಅಂಕಿಯ ಇಎಎನ್ ಬಾರ್‌ಕೋಡ್ ನಂಬರ್ ಹೊರಗಿನ ಜಗತ್ತಿಗೆ. ಪ್ರತಿ ಬಣ್ಣದ ಪ್ರತಿ ಸೈಜಿಗೂ ಅದು ಬೇರೆಯೇ ಇರಬೇಕು. ಎಸ್‌ಕೆಯು ನಿಮ್ಮ ಒಳಗಿನ ಹೆಸರು. ಎರಡನ್ನೂ ಒಂದೇ ಸಾಲಿನ ಅಕ್ಕಪಕ್ಕದ ಕಾಲಮ್ಮಿನಲ್ಲಿ ಇಡಿ.

ಹಳೆಯ ಕೋಡಿನಿಂದ ಬದಲಾಗುವಾಗ

ಮೇ, ಜೂನ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಶಾಲೆಗಳು ಶುರುವಾಗಿ, ಅದಲು ಬದಲು ಮಾಡಿಕೊಳ್ಳುವ ಗದ್ದಲವೂ ಮುಗಿದ ಮೇಲೆ, ಸ್ಟಾಕ್ ಎಣಿಸುವಾಗಲೇ ಮಾಡಿ. ಮೊದಲು ಬಣ್ಣದ ಪಟ್ಟಿ, ಆಮೇಲೆ ಡಿಸೈನ್ ಪಟ್ಟಿ, ಕೊನೆಗೆ ಕೋಡು. ಡಿಸೈನ್, ಬಣ್ಣ, ಸೈಜು A, B, C ಕಾಲಮ್ಮುಗಳಲ್ಲಿದ್ದರೆ ಕೋಡನ್ನು ಕೈಯಿಂದ ಬರೆಯದೆ ಎಕ್ಸೆಲ್ಲಿಗೇ ಬಿಡಿ:

```
=A2&"-"&B2&"-"&TEXT(C2,"00")
```

C ಕಾಲಮ್ಮಿನಲ್ಲಿ 9 ಇದ್ದರೆ 09 ಆಗುತ್ತದೆ, M ಇದ್ದರೆ M ಆಗಿಯೇ ಉಳಿಯುತ್ತದೆ. ಆಮೇಲೆ ಎರಡು ಸಾಲಿಗೆ ಒಂದೇ ಕೋಡು ಬಂದಿದೆಯೇ ಎಂದು `COUNTIF` ಹಾಕಿ ನೋಡಿ. ಉತ್ತರ 1ಕ್ಕಿಂತ ಜಾಸ್ತಿ ಬಂದ ಸಾಲುಗಳಲ್ಲಿ, ನಿಮ್ಮ ಪಟ್ಟಿಯಲ್ಲಿ ಇಷ್ಟು ದಿನ ಎರಡು ಹೆಸರಿನಲ್ಲಿ ಕೂತಿದ್ದ ಒಂದೇ ಮಾಲು ಸಿಗುತ್ತದೆ. ಅವುಗಳ ಸ್ಟಾಕನ್ನು ಒಂದುಗೂಡಿಸಿ.

ಹಳೆಯ ಕೋಡುಗಳನ್ನು ಅಳಿಸಬೇಡಿ. ಟ್ಯಾಲಿಯಲ್ಲಿ ಅವನ್ನು ಅದೇ ವಸ್ತುವಿನ ಅಲಿಯಾಸ್ ಆಗಿ ಹಾಕಿಟ್ಟರೆ, ಇಂಡಿಯ ಅಂಗಡಿಯವರು ಹೋದ ವರ್ಷದ ಬಿಲ್ ಹಿಡಿದು ಹಳೆಯ ನಂಬರ್ ಹೇಳಿದರೂ ಮಾಲು ಸಿಗುತ್ತದೆ. ನಿಲ್ಲಿಸಿದ ಡಿಸೈನಿನ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ, ಅದರ ಮುಂದೆ "ಬಂದ್" ಎಂದು ಬರೆದು ಪಟ್ಟಿಯಲ್ಲೇ ಬಿಡಿ. 1001ರಿಂದ 9999ರವರೆಗೆ 8999 ನಂಬರುಗಳಿವೆ. ವರ್ಷಕ್ಕೆ ನೂರು ಹೊಸ ಡಿಸೈನ್ ತಂದರೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅವು ಸಾಲುತ್ತವೆ.